ಷೇರುಪೇಟೆಯಲ್ಲಿ ‘ಗೂಳಿ ಓಟ’, ‘ಕರಡಿ ಹಿಡಿತ’ ಅಂದರೇನು? ನಿಮ್ಮ ಉಳಿತಾಯದ ಹಣಕ್ಕೆ ಏನಾಗುತ್ತದೆ?

‘ಕರಡಿ ಹಿಡಿತಕ್ಕೆ ಸಿಕ್ಕ ಷೇರುಪೇಟೆ, ಕರಗಿದ ಹೂಡಿಕೆದಾರರ ಸಂಪತ್ತು.’ ಪೇಟೆ ಸ್ವಲ್ಪ ಜೋರಾಗಿ ಬಿದ್ದಾಗಲೆಲ್ಲ ಇಂಥದ್ದೊಂದು ತಲೆಬರಹದ ಸ್ಕ್ರೀನ್‌ಶಾಟ್ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ಅದರ ಕೆಳಗೆ ಯಾರೋ ಸೇರಿಸಿದ ಸಾಲು ಇನ್ನೂ ಜೋರಾಗಿರುತ್ತದೆ: ‘ಪಿಎಫ್ ದುಡ್ಡೂ ಹೋಯ್ತು, ಎಸ್‌ಐಪಿ ಇದ್ದರೆ ಇವತ್ತೇ ನಿಲ್ಲಿಸಿ.’ ಟಿ. ದಾಸರಹಳ್ಳಿಯಲ್ಲಿ ಬಾಡಿಗೆ ಮನೆ, ಪೀಣ್ಯದಲ್ಲಿ ಕೆಲಸ, ತಿಂಗಳಿಗೆ ಸಾವಿರವೋ ಎರಡು ಸಾವಿರವೋ ಎತ್ತಿಡಲು ಈಗಷ್ಟೇ ಶುರು ಮಾಡಿದವರು ಇದನ್ನು ಓದಿ ಗಾಬರಿಯಾಗುವುದು ಸಹಜ. ಆ ತಲೆಬರಹವನ್ನು ಓದುವುದು ಹೇಗೆ ಅಂತ ನೋಡೋಣ.

ಗೂಳಿ ಯಾವುದು, ಕರಡಿ ಯಾವುದು?

ಷೇರುಗಳ ಬೆಲೆ ಒಟ್ಟಾರೆಯಾಗಿ ತಿಂಗಳುಗಟ್ಟಲೆ, ವರ್ಷಗಟ್ಟಲೆ ಏರುತ್ತಾ ಹೋದರೆ ಅದು ಗೂಳಿ ಮಾರುಕಟ್ಟೆ. ಹಾಗೆಯೇ ಇಳಿಯುತ್ತಾ ಹೋದರೆ ಕರಡಿ ಮಾರುಕಟ್ಟೆ. ‘ಒಟ್ಟಾರೆ’ ಎನ್ನುವುದನ್ನು ಅಳೆಯುವ ಕೋಲು ಸೂಚ್ಯಂಕ. ಸೆನ್ಸೆಕ್ಸ್ 30 ದೊಡ್ಡ ಕಂಪನಿಗಳ ಬೆಲೆಯನ್ನು ಒಂದು ಸಂಖ್ಯೆಯಾಗಿ ತೋರಿಸುತ್ತದೆ, ನಿಫ್ಟಿ 50 ಕಂಪನಿಗಳದ್ದನ್ನು.

ಪತ್ರಿಕೆಗಳು ಸಾಮಾನ್ಯವಾಗಿ ಬಳಸುವ ಗೆರೆ ಶೇ. 20. ಇತ್ತೀಚಿನ ಗರಿಷ್ಠ ಮಟ್ಟದಿಂದ ಸೂಚ್ಯಂಕ ಶೇ. 20ರಷ್ಟು ಇಳಿದರೆ ಕರಡಿ, ತಳದಿಂದ ಶೇ. 20ರಷ್ಟು ಏರಿದರೆ ಗೂಳಿ. ಇದು ಕಾನೂನಲ್ಲ, ರೂಢಿ. ಒಂದು ದಿನ 800 ಅಂಕ ಬಿದ್ದ ಮಾತ್ರಕ್ಕೆ ‘ಕರಡಿ ಬಂತು’ ಎಂದು ಬರೆಯುವುದು ತಲೆಬರಹದ ಚಪಲ, ಅಷ್ಟೇ. ಈ ಗೆರೆಗೆ ಇನ್ನೊಂದು ಮಿತಿಯೂ ಇದೆ. ಗೆರೆ ದಾಟಿತು ಎಂದು ಗೊತ್ತಾಗುವ ಹೊತ್ತಿಗೆ ಪೇಟೆ ಆಗಲೇ ಶೇ. 20ರಷ್ಟು ಇಳಿದಿರುತ್ತದೆ. ನಡೆದದ್ದಕ್ಕೆ ಹೆಸರಿಡುವ ಪದವಿದು, ನಾಳೆಯದನ್ನು ಹೇಳುವ ಪದವಲ್ಲ.

2024ರ ಸೆಪ್ಟೆಂಬರ್ 26ರಂದು ಸೆನ್ಸೆಕ್ಸ್ 85,836ರಲ್ಲಿ ಮುಗಿದಿತ್ತು. ಮುಂದಿನ ಮಾರ್ಚ್ ವೇಳೆಗೆ ಅದು ಸುಮಾರು 73,000ಕ್ಕೆ ಬಂತು. ಇಳಿಕೆ ಶೇ. 15ರಷ್ಟು, ಅಂದರೆ ರೂಢಿಯ ಲೆಕ್ಕದಲ್ಲಿ ಕರಡಿ ಬರಲೇ ಇಲ್ಲ. ಆದರೆ ಅದೇ ಅವಧಿಯಲ್ಲಿ ಸಣ್ಣ ಕಂಪನಿಗಳ ಸೂಚ್ಯಂಕ ಶೇ. 20ಕ್ಕಿಂತ ಹೆಚ್ಚು ಬಿದ್ದಿತ್ತು. ‘ಸ್ಮಾಲ್‌ಕ್ಯಾಪ್’ ಫಂಡಿಗೆ ದುಡ್ಡು ಹಾಕಿದವರ ಮನೆಯಲ್ಲಿ ಕರಡಿ ಇತ್ತು, ಸೆನ್ಸೆಕ್ಸಿನ ಮನೆಯಲ್ಲಿ ಇರಲಿಲ್ಲ. ನಿಮ್ಮ ಹಣ ಎಲ್ಲಿದೆ ಎನ್ನುವುದರ ಮೇಲೆ ಸುದ್ದಿಯ ಅರ್ಥ ಬದಲಾಗುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಗೂಳಿ ಕೊಂಬಿನಿಂದ ಮೇಲಕ್ಕೆ ಎತ್ತಿ ಹಾಕುತ್ತದೆ, ಕರಡಿ ಪಂಜದಿಂದ ಕೆಳಕ್ಕೆ ಹೊಡೆಯುತ್ತದೆ, ಅದಕ್ಕೇ ಈ ಹೆಸರು ಎಂದು ಬಹಳ ಕಡೆ ಬರೆದಿರುತ್ತಾರೆ. ನೆನಪಿಟ್ಟುಕೊಳ್ಳಲು ಚೆನ್ನಾಗಿದೆ, ಮೂಲ ಮಾತ್ರ ಬೇರೆ ಇರುವಂತಿದೆ. ಕರಡಿಯನ್ನು ಹಿಡಿಯುವ ಮೊದಲೇ ಅದರ ಚರ್ಮ ಮಾರಬೇಡ ಎಂಬ ಹಳೆಯ ಗಾದೆಯೊಂದು ಯುರೋಪಿನಲ್ಲಿತ್ತು, ನಮ್ಮ ‘ಕೂಸು ಹುಟ್ಟುವ ಮುಂಚೆ ಕುಲಾವಿ’ಯ ಹಾಗೆ. 18ನೇ ಶತಮಾನದ ಲಂಡನ್ನಿನಲ್ಲಿ, ಕೈಯಲ್ಲಿ ಇಲ್ಲದ ಷೇರನ್ನು ಇವತ್ತೇ ಮಾರಿ, ಬೆಲೆ ಇಳಿದ ಮೇಲೆ ಕೊಂಡು ಒಪ್ಪಿಸುವ ವ್ಯಾಪಾರಿಗಳನ್ನು ‘ಕರಡಿ ಚರ್ಮದವರು’ ಎಂದು ಕರೆಯುತ್ತಿದ್ದರು. ಬೆಲೆ ಇಳಿಯಲಿ ಎಂದು ಕಾಯುವವರು ಹೀಗೆ ಕರಡಿಗಳಾದರು. ಗೂಳಿ ಅದಕ್ಕೆ ಜೋಡಿಯಾಗಿ ಬಂತು.

ಕೋಟಿ ಕೋಟಿ ‘ಮಾಯ’ವಾಗುವುದು ಹೇಗೆ?

ಮೊದಲು ಅಂಕಗಳ ವಿಷಯ. ಸೆನ್ಸೆಕ್ಸ್ 80,000ದಲ್ಲಿರುವಾಗ 1,000 ಅಂಕ ಬಿದ್ದರೆ ಇಳಿಕೆ ಶೇ. 1.25 ಮಾತ್ರ. ನೀವು ಹಾಕಿದ 10,000 ರೂಪಾಯಿ ಆ ದಿನ 9,875 ಆಗಿರುತ್ತದೆ. ತಲೆಬರಹದಲ್ಲಿ ಅಂಕ ಕಂಡರೆ ಸುದ್ದಿಯ ಒಳಗೆ ಶೇಕಡಾ ಎಷ್ಟು ಎಂದು ಹುಡುಕಿ.

ಇನ್ನು ‘ಲಕ್ಷಾಂತರ ಕೋಟಿ ಕರಗಿತು’ ಎಂಬ ಮಾತು. ದಾಸರಹಳ್ಳಿಯ ಕಡೆ ಒಂದು ಬಡಾವಣೆಯಲ್ಲಿ 50 ಸೈಟುಗಳಿವೆ ಎಂದುಕೊಳ್ಳಿ, ಎಲ್ಲವೂ 30-40 ಅಳತೆಯವು. ಹೋದ ತಿಂಗಳು ಒಂದು ಸೈಟು 60 ಲಕ್ಷಕ್ಕೆ ಹೋಗಿತ್ತು. ಈ ತಿಂಗಳು ಒಬ್ಬರು ಆಸ್ಪತ್ರೆ ಖರ್ಚಿಗೆಂದು ಅವಸರದಲ್ಲಿ 54 ಲಕ್ಷಕ್ಕೆ ಕೊಟ್ಟರು. ಮಾರಿದ್ದು ಒಂದೇ ಸೈಟು. ಆದರೆ ಎಲ್ಲ ಸೈಟಿಗೂ ಆ ಬೆಲೆಯನ್ನೇ ಹಚ್ಚಿ ಲೆಕ್ಕ ಹಾಕಿದರೆ ಬಡಾವಣೆಯ ‘ಸಂಪತ್ತು’ 3 ಕೋಟಿ ಕರಗಿದಂತೆ ಕಾಣುತ್ತದೆ. ಆ 3 ಕೋಟಿಯನ್ನು ಯಾರೂ ಹೊತ್ತುಕೊಂಡು ಹೋಗಿಲ್ಲ. ಷೇರುಪೇಟೆಯ ಸಂಪತ್ತನ್ನೂ ಹೀಗೆಯೇ ಲೆಕ್ಕ ಹಾಕುತ್ತಾರೆ: ಕೊನೆಗೆ ನಡೆದ ವ್ಯಾಪಾರದ ಬೆಲೆಯನ್ನು ಕಂಪನಿಯ ಎಲ್ಲ ಷೇರುಗಳಿಗೂ ಗುಣಿಸುವುದು.

ಹಾಗೆಂದು ‘ಇದೆಲ್ಲ ಕಾಗದದ ನಷ್ಟ, ತಲೆ ಕೆಡಿಸಿಕೊಳ್ಳಬೇಡಿ’ ಎನ್ನುವ ಇನ್ನೊಂದು ಬಗೆಯ ಫಾರ್ವರ್ಡ್ ಕೂಡ ಪೂರ್ತಿ ನಿಜವಲ್ಲ. ಆಸ್ಪತ್ರೆ ಖರ್ಚಿಗೆ ಸೈಟು ಮಾರಿದವರಿಗೆ 6 ಲಕ್ಷ ನಿಜವಾಗಿಯೇ ಹೋಯಿತು. ಅವರು ಆ ತಿಂಗಳೇ ಮಾರಲೇಬೇಕಾಗಿತ್ತು. ಹೊಸದಾಗಿ ಉಳಿತಾಯ ಮಾಡುವವರು ಗಮನಿಸಬೇಕಾದ ಜಾಗ ಇದೇ.

2020ರಲ್ಲಿ ಆದದ್ದು, 2008ರಲ್ಲಿ ಆದದ್ದು

2020ರ ಜನವರಿ 14ರಂದು ಸೆನ್ಸೆಕ್ಸ್ 41,952ರಲ್ಲಿತ್ತು. ಕೊರೊನಾ ಸುದ್ದಿ ಹಬ್ಬುತ್ತಿದ್ದಂತೆ ಇಳಿಯತೊಡಗಿ, ಮಾರ್ಚ್ 23ರಂದು ಒಂದೇ ದಿನ 3,934 ಅಂಕ, ಅಂದರೆ ಶೇ. 13ಕ್ಕೂ ಹೆಚ್ಚು ಬಿದ್ದು 25,981ಕ್ಕೆ ಬಂತು. ಎರಡು ತಿಂಗಳಲ್ಲಿ ಶೇ. 38ರ ಇಳಿಕೆ. ಇದು ಯಾರ ಲೆಕ್ಕದಲ್ಲೂ ಕರಡಿಯೇ.

ಇಲ್ಲಿ ಬಹಳ ಜನ ಎಡವುವ ಒಂದು ಲೆಕ್ಕವಿದೆ. ಶೇ. 38 ಬಿದ್ದದ್ದು ಮತ್ತೆ ಶೇ. 38 ಏರಿದರೆ ಮೊದಲಿನ ಜಾಗಕ್ಕೆ ಬರುವುದಿಲ್ಲ. 100 ರೂಪಾಯಿ 62 ಆದ ಮೇಲೆ ಅದನ್ನು ಮತ್ತೆ 100 ಮಾಡಲು ಇನ್ನೂ 38 ರೂಪಾಯಿ ಬೇಕು, ಆದರೆ ಈಗ ಕೈಯಲ್ಲಿರುವುದು 62 ಮಾತ್ರ. ಆದ್ದರಿಂದ ಬೇಕಾದ ಏರಿಕೆ ಶೇ. 61ರಷ್ಟು. ‘ತಳದಿಂದ ಶೇ. 20 ಏರಿತು, ಗೂಳಿ ವಾಪಸ್’ ಎಂದು ಸುದ್ದಿ ಬಂದಾಗಲೂ ಮೇಲಿನ ಮಟ್ಟದಲ್ಲಿ ಕೊಂಡವರು ಇನ್ನೂ ನಷ್ಟದಲ್ಲೇ ಇರುತ್ತಾರೆ.

ಆ ಸಲ ಪೇಟೆ ಬೇಗ ಚೇತರಿಸಿಕೊಂಡಿತು. ನವೆಂಬರ್ 9ಕ್ಕೆ ಸೆನ್ಸೆಕ್ಸ್ 42,597 ತಲುಪಿ ಹಳೆಯ ಗರಿಷ್ಠವನ್ನು ದಾಟಿತು. ಇದನ್ನೇ ಉದಾಹರಣೆ ಕೊಟ್ಟು ‘ಎಂಟು ತಿಂಗಳು ತಾಳಿದರೆ ಸಾಕು’ ಎನ್ನುವವರಿದ್ದಾರೆ. 2008ನ್ನು ಅವರು ಹೇಳುವುದಿಲ್ಲ. ಆ ವರ್ಷದ ಜನವರಿ 8ರಂದು 20,873ರಲ್ಲಿದ್ದ ಸೆನ್ಸೆಕ್ಸ್, 2009ರ ಮಾರ್ಚ್ 9ಕ್ಕೆ 8,160ಕ್ಕೆ ಬಂದಿತ್ತು. ಶೇ. 60ಕ್ಕೂ ಹೆಚ್ಚು ಇಳಿಕೆ. ಹಳೆಯ ಮಟ್ಟ ಮತ್ತೆ ಕಂಡದ್ದು 2010ರ ನವೆಂಬರ್‌ನಲ್ಲಿ, ಹತ್ತಿರ ಹತ್ತಿರ ಮೂರು ವರ್ಷದ ನಂತರ. 2008ರ ಜನವರಿಯಲ್ಲಿ ಒಟ್ಟಿಗೆ ಹಣ ಹಾಕಿ, 2009ರ ಜೂನ್‌ನಲ್ಲಿ ಮಗಳ ಕಾಲೇಜು ಫೀಸಿಗೆ ಅದೇ ಹಣ ಬೇಕಾಗಿದ್ದವರಿಗೆ ಕಾಯುವ ದಾರಿಯೇ ಇರಲಿಲ್ಲ.

ತಿಂಗಳ ಕಂತು ಕಟ್ಟುವವರಿಗೆ

ಎಸ್‌ಐಪಿಯಲ್ಲಿ ಪ್ರತಿ ತಿಂಗಳು ಒಂದೇ ಮೊತ್ತ ಹೋಗುತ್ತದೆ, ಅವತ್ತಿನ ಬೆಲೆಗೆ ಎಷ್ಟು ಯೂನಿಟ್ ಬರುತ್ತದೋ ಅಷ್ಟು ನಿಮಗೆ. ಲೆಕ್ಕ ಅರ್ಥವಾಗಲೆಂದು ಒಂದು ಕಲ್ಪಿತ ಉದಾಹರಣೆ: ತಿಂಗಳಿಗೆ 2,000 ರೂಪಾಯಿ, ಐದು ತಿಂಗಳು. ಯೂನಿಟ್ ಬೆಲೆ ಮೊದಲ ತಿಂಗಳು 40 ರೂಪಾಯಿ, ಆಮೇಲೆ 32, ಮತ್ತೆ 25, ಮತ್ತೆ 32, ಕೊನೆಗೆ 40. ನಿಮಗೆ ಸಿಗುವುದು ಕ್ರಮವಾಗಿ 50, 62.5, 80, 62.5, 50 ಯೂನಿಟ್, ಒಟ್ಟು 305. ಕಟ್ಟಿದ್ದು 10,000 ರೂಪಾಯಿ, ಕೊನೆಯ ಬೆಲೆಗೆ ಅದರ ಮೌಲ್ಯ 12,200. ಬೆಲೆ ಶುರುವಾದ ಜಾಗಕ್ಕೇ ಬಂದು ನಿಂತಿದ್ದರೂ ನಿಮ್ಮ ಹಣ ಬೆಳೆದಿದೆ. ಅಗ್ಗವಾದ ತಿಂಗಳಲ್ಲಿ ಹೆಚ್ಚು ಯೂನಿಟ್ ಸಿಕ್ಕಿದ್ದೇ ಕಾರಣ. ಎರಡು ಕಂತು ಕಟ್ಟಿ, ಬೆಲೆ 25ಕ್ಕೆ ಬಂದಾಗ ಫಾರ್ವರ್ಡ್ ನೋಡಿ ಹೆದರಿ ಮಾರಿದವರಿಗಾದರೆ 4,000ಕ್ಕೆ ಸಿಗುವುದು 2,812 ರೂಪಾಯಿ.

ಎಸ್‌ಐಪಿ ಮಾರುವವರು ಈ ಲೆಕ್ಕವನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಅದರಲ್ಲಿ ಎರಡು ‘ಆದರೆ’ಗಳಿವೆ. ಬೆಲೆ ಮತ್ತೆ 40ಕ್ಕೆ ಬರಬೇಕು. ಒಂದೇ ಕಂಪನಿಯ ಷೇರಾದರೆ ಅದು ಎಂದೂ ಬಾರದಿರಬಹುದು, ಹಲವು ಕಂಪನಿಗಳಿರುವ ಸೂಚ್ಯಂಕ ಫಂಡಿನಲ್ಲಿ ಆ ಅಪಾಯ ಕಡಿಮೆ. ಎರಡನೆಯದು, ಬೆಲೆ 25 ಇರುವ ತಿಂಗಳಲ್ಲಿ ಕಂತು ಕಟ್ಟಲು ನಿಮ್ಮ ಕೈಯಲ್ಲಿ 2,000 ಇರಬೇಕು. 2020ರ ಮಾರ್ಚ್ 23ರಂದು ಪೇಟೆ ತಳ ಮುಟ್ಟಿತು, 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಷೇರು ಅಗ್ಗವಾದ ವಾರವೇ ಕಾರ್ಖಾನೆಯ ಶಟರ್ ಎಳೆದಿತ್ತು. ಕರಡಿ ಬರುವುದು ಹೆಚ್ಚಾಗಿ ಹೀಗೆಯೇ: ಆರ್ಡರ್ ಕಡಿಮೆಯಾಗಿ, ಓಟಿ ನಿಂತು, ಕೆಲಸದ ಭಯ ಇರುವಾಗಲೇ. ಪೇಟೆಯೂ ಸಂಬಳವೂ ಒಟ್ಟಿಗೆ ಬೀಳುತ್ತವೆ. ಅದಕ್ಕೇ ನಾಲ್ಕೈದು ತಿಂಗಳ ಬಾಡಿಗೆ, ರೇಷನ್ನು, ಸ್ಕೂಲ್ ಫೀಸಿನಷ್ಟು ಹಣ ಮೊದಲು ಬ್ಯಾಂಕಿನಲ್ಲಿ ಇರಬೇಕು, ಎಸ್‌ಐಪಿ ಆಮೇಲೆ. ಇನ್ನೆರಡು ವರ್ಷದಲ್ಲಿ ಮನೆ ಲೀಸಿಗೋ ಮದುವೆಗೋ ಬೇಕಾದ ಹಣವನ್ನು ಷೇರಿಗೆ ಹಾಕದಿರುವುದೂ ಇದೇ ಕಾರಣಕ್ಕೆ.

ಪಿಎಫ್ ಹೋಯಿತೇ?

ಇಲ್ಲ. 2015ರ ಆಗಸ್ಟ್‌ನಿಂದ ಇಪಿಎಫ್‌ಒ ಹೊಸದಾಗಿ ಬರುವ ಹಣದ ಒಂದು ಪಾಲನ್ನು ಸೂಚ್ಯಂಕ ಆಧಾರಿತ ಇಟಿಎಫ್‌ಗಳಿಗೆ ಹಾಕುತ್ತಿರುವುದು ನಿಜ. ಶೇ. 5ರಿಂದ ಶುರುವಾಗಿ 2017ರಲ್ಲಿ ಆ ಪಾಲು ಶೇ. 15ಕ್ಕೆ ಏರಿತು. ಉಳಿದದ್ದರಲ್ಲಿ ಬಹುಪಾಲು ಸರ್ಕಾರಿ ಸಾಲಪತ್ರ, ಬಾಂಡುಗಳಲ್ಲಿರುತ್ತದೆ. ನಿಮ್ಮ ಪಾಸ್‌ಬುಕ್ಕಿನ ಮೊತ್ತ ಸೆನ್ಸೆಕ್ಸಿನ ಜೊತೆ ದಿನವೂ ಏರಿಳಿಯುವುದಿಲ್ಲ. ವರ್ಷಕ್ಕೊಮ್ಮೆ ಘೋಷಣೆಯಾಗುವ ಬಡ್ಡಿ ಮಾತ್ರ ಅದಕ್ಕೆ ಸೇರುತ್ತದೆ. ಪೇಟೆ ಶೇ. 38 ಬಿದ್ದ 2019-20ರ ಸಾಲಿಗೂ ಶೇ. 8.5 ಬಡ್ಡಿ ಬಂದಿತ್ತು. ಹಿಂದಿನ ವರ್ಷದ್ದು ಶೇ. 8.65. ಕರಡಿಯ ಬಿಸಿ ಪಿಎಫ್‌ಗೆ ತಟ್ಟುವುದಿದ್ದರೆ ಹೀಗೆ, ಬಡ್ಡಿ ಚೂರು ಕಡಿಮೆಯಾಗುವ ರೂಪದಲ್ಲಿ.

ಗೂಳಿಯ ಕಾಲದ ಫಾರ್ವರ್ಡುಗಳು

ಕರಡಿಯ ಕಾಲದ ಫಾರ್ವರ್ಡು ಹೆದರಿಸುತ್ತದೆ, ಗೂಳಿಯ ಕಾಲದ್ದು ಆಸೆ ಹುಟ್ಟಿಸುತ್ತದೆ. ನನಗೆ ಕೇಳಿದರೆ ಎರಡನೆಯದೇ ಹೆಚ್ಚು ಅಪಾಯ. ಎಲ್ಲ ಷೇರೂ ಏರುತ್ತಿರುವಾಗ ಯಾರು ಯಾವ ‘ಟಿಪ್’ ಕೊಟ್ಟರೂ ಒಂದಷ್ಟು ದಿನ ಸರಿಯೆಂದೇ ಕಾಣುತ್ತದೆ. ಆಗಲೇ ‘ಉಚಿತ ಟ್ರೇಡಿಂಗ್ ಕ್ಲಾಸ್’ ಗುಂಪುಗಳು ಹುಟ್ಟುತ್ತವೆ. ಒಂದು ಲಿಂಕ್ ಕೊಟ್ಟು ಆ್ಯಪ್ ಹಾಕಿಸುತ್ತಾರೆ, ಅದರಲ್ಲಿ ನಿಮ್ಮ 5,000 ವಾರದಲ್ಲಿ 9,000 ಆದಂತೆ ಕಾಣುತ್ತದೆ. ವಾಪಸ್ ತೆಗೆಯಲು ಹೋದಾಗ ‘ಮೊದಲು ತೆರಿಗೆ ಕಟ್ಟಿ’ ಎನ್ನುತ್ತಾರೆ. ಅಲ್ಲಿಗೆ ಗೊತ್ತಾಗಬೇಕು, ಆ ಆ್ಯಪ್‌ನಲ್ಲಿ ಷೇರು ಕೊಂಡದ್ದೇ ಸುಳ್ಳು. ಸಲಹೆ ಕೊಡುವವರು ಸೆಬಿಯಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ ಎಂದು sebi.gov.in ತಾಣದಲ್ಲಿ ಹೆಸರು ಅಥವಾ ನೋಂದಣಿ ಸಂಖ್ಯೆ ಹಾಕಿ ನೋಡಬಹುದು. ಹಣ ಆಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.