ಆ್ಯಪ್‌ನ ರೋಡ್‌ಮ್ಯಾಪ್ ಮತ್ತು ಹಂತಹಂತದ ಬಿಡುಗಡೆ (ಮಲೆನಾಡಿನ ಅಡಿಕೆ ಸೀಮೆಯಲ್ಲಿ)

ನವೋದ್ಯಮವೊಂದು ತನ್ನ ಮೊಬೈಲ್ ಆ್ಯಪ್‌ನಲ್ಲಿ ಯಾವ ಸೌಲಭ್ಯವನ್ನು ಯಾರಿಗೆ, ಯಾವಾಗ ಕೊಡಬೇಕು, ಯಾವುದನ್ನು ಸದ್ಯಕ್ಕೆ ಕೈಬಿಡಬೇಕು ಎಂದು ಬರೆದಿಟ್ಟುಕೊಳ್ಳುವ ಯೋಜನೆಗೆ ರೋಡ್‌ಮ್ಯಾಪ್ ಎನ್ನುತ್ತಾರೆ. ಸಿದ್ಧವಾದ ಆ್ಯಪನ್ನು ಒಮ್ಮೆಲೇ ಎಲ್ಲರಿಗೂ ಬಿಡದೆ, ಮೊದಲು ಕೆಲವರಿಗೆ ಕೊಟ್ಟು, ಅಲ್ಲಿ ಸರಿಹೋದ ಮೇಲೆ ಮುಂದಿನವರಿಗೆ ಕೊಡುವುದು ಹಂತಹಂತದ ಬಿಡುಗಡೆ. ನಗರದ ಕಂಪನಿಗಳು ಈ ಯೋಜನೆಯನ್ನು ಸಾಮಾನ್ಯವಾಗಿ ಮೂರು ಮೂರು ತಿಂಗಳ ಭಾಗಗಳಾಗಿ ಬರೆಯುತ್ತವೆ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರಿಗಾಗಿ ಆ್ಯಪ್ ಮಾಡುವವರಿಗೆ ಆ ಲೆಕ್ಕ ಒದಗುವುದಿಲ್ಲ. ಇಲ್ಲಿ ಗಡುವನ್ನು ನಿಗದಿ ಮಾಡುವುದು ಮಳೆ ಮತ್ತು ಕೊಯ್ಲು. ಒಂದು ಹಂಗಾಮು ತಪ್ಪಿದರೆ ಮುಂದಿನ ಅವಕಾಶ ವರ್ಷದ ನಂತರವೇ.

ಇದಕ್ಕೆ ಹತ್ತಿರದ ಸಾರ್ವಜನಿಕ ಉದಾಹರಣೆ ರಾಜ್ಯ ಸರ್ಕಾರದ ರೈತರ ಬೆಳೆ ಸಮೀಕ್ಷೆ ಆ್ಯಪ್. 2020ರ ಮುಂಗಾರಿನಲ್ಲಿ ರೈತರೇ ತಮ್ಮ ಜಮೀನಿನ ಬೆಳೆಯ ಫೋಟೊ ತೆಗೆದು ಸೇರಿಸುವ ವ್ಯವಸ್ಥೆ ಬಂತು. ಆರಂಭದಲ್ಲಿ ಕೊಟ್ಟ ದಿನಗಳು ಸಾಲದೆ ಗಡುವನ್ನು ಮುಂದೂಡಬೇಕಾಯಿತು. ರೈತರಿಂದ ಆಗದಿದ್ದ ಕಡೆ ‘ಪಿಆರ್’ ಎಂದು ಕರೆಯಲಾಗುವ ಸ್ಥಳೀಯ ಯುವಕರು ಸಮೀಕ್ಷೆ ಮುಗಿಸಿದರು. ಸರ್ಕಾರ ತಾನು ಇಟ್ಟ ಗಡುವನ್ನು ತಾನೇ ಮುಂದೂಡಬಹುದು. ಕೊಳೆರೋಗಕ್ಕೆ ಔಷಧಿ ಹೊಡೆಸಿಕೊಡುತ್ತೇವೆಂದು ಹೊರಟ ಪುಟ್ಟ ಕಂಪನಿಗೆ ಆ ಅನುಕೂಲವಿಲ್ಲ.

ಹಿಂದಕ್ಕೆ ಎಣಿಸುವ ಕ್ರಮ

ಉದಾಹರಣೆಗೆ, ಔಷಧಿ ಹೊಡೆಯುವ ಮತ್ತು ಕೊನೆ ಕೊಯ್ಯುವ ಗುಂಪುಗಳನ್ನು ಬೆಳೆಗಾರರಿಗೆ ಜೋಡಿಸಿಕೊಡುವ ಒಂದು ಆ್ಯಪನ್ನು ಕಲ್ಪಿಸಿಕೊಳ್ಳೋಣ. ಮರ ಹತ್ತುವವರು ಕಡಿಮೆಯಾಗಿ, ಉದ್ದನೆಯ ಕಾರ್ಬನ್ ಫೈಬರ್ ದೋಟಿ ಹಿಡಿದು ನೆಲದಿಂದಲೇ ಕೆಲಸ ಮಾಡುವ ಗುಂಪುಗಳು ಬಂದ ಮೇಲೂ ಸಕಾಲಕ್ಕೆ ಜನ ಸಿಗುವುದು ಇಲ್ಲಿನ ತೋಟದವರ ದೊಡ್ಡ ತಲೆನೋವು. ಶೇ. 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲೇ ಆಗಬೇಕು, ಎರಡನೆಯದು ಅದಾಗಿ 40–45 ದಿನಕ್ಕೆ.

ಮುಂಗಾರು ವಾಡಿಕೆಯಂತೆ ಜೂನ್ ಮೊದಲ ವಾರ ಮಲೆನಾಡಿಗೆ ಬರುತ್ತದೆ. ಹಾಗಾಗಿ ಮೊದಲ ಔಷಧಿ ಮೇ ಕೊನೆಯೊಳಗೆ ಮುಗಿಯಬೇಕು, ಗುಂಪಿಗೆ ಹೇಳಿಡುವ ಕೆಲಸ ಮೇ ಆರಂಭದಲ್ಲೇ ಆಗಬೇಕು. ಅಂದರೆ ಮೇ 1ರ ಹೊತ್ತಿಗೆ ಆ್ಯಪ್ ಬೆಳೆಗಾರರ ಫೋನಿನಲ್ಲಿರಬೇಕು. ಇಲ್ಲಿಂದ ಹಿಂದಕ್ಕೆ ಎಣಿಸಬೇಕು. 2023ರ ನವೆಂಬರ್ 13ರ ನಂತರ ವೈಯಕ್ತಿಕ ಹೆಸರಿನಲ್ಲಿ ತೆರೆದ ಪ್ಲೇ ಸ್ಟೋರ್ ಡೆವಲಪರ್ ಖಾತೆಯಾದರೆ, ಕನಿಷ್ಠ 12 ಮಂದಿ ಸತತ 14 ದಿನ ಮುಚ್ಚಿದ ಪರೀಕ್ಷೆಯಲ್ಲಿ ಇದ್ದ ಮೇಲಷ್ಟೇ ಸಾರ್ವಜನಿಕ ಬಿಡುಗಡೆಗೆ ಅರ್ಜಿ ಹಾಕಬಹುದು. ಅರ್ಜಿಯ ಪರಿಶೀಲನೆಗೆ ಒಂದು ವಾರ, ಆ್ಯಪ್‌ನ ಪರಿಶೀಲನೆಗೆ ಇನ್ನೊಂದು ವಾರ ಇಟ್ಟುಕೊಳ್ಳುವುದು ಕ್ಷೇಮ. ಪರೀಕ್ಷೆಯಲ್ಲಿ ಕಂಡ ದೋಷ ತಿದ್ದಲು ಎರಡು ವಾರ ಸೇರಿಸಿದರೆ ಮಾರ್ಚ್ ಮಧ್ಯಕ್ಕೇ ಆ್ಯಪ್ ಪರೀಕ್ಷಕರ ಕೈಯಲ್ಲಿರಬೇಕು ಎಂದಾಯಿತು. ಸಂಸ್ಥೆಯ ಹೆಸರಿನ ಖಾತೆಗೆ ಈ 14 ದಿನಗಳ ನಿಯಮವಿಲ್ಲ. ಆದರೆ ಅದಕ್ಕೆ ಡನ್ಸ್ ಸಂಖ್ಯೆ ಬೇಕು, ಅದು ಕೈಗೆ ಬರಲು ಕೆಲವು ವಾರ ಹಿಡಿಯಬಹುದು. ಆ ಅರ್ಜಿಯನ್ನು ಜನವರಿಯಲ್ಲೇ ಹಾಕಿಬಿಡಬೇಕು.

ಆ್ಯಪ್ ಬರೆಯಲು ಹತ್ತು ವಾರ ಬೇಕಾದರೆ ಕೆಲಸ ಜನವರಿಯಲ್ಲಿ ಶುರುವಾಗಬೇಕು. ಅದಕ್ಕೂ ಮುಂಚಿನ ಕೊಯ್ಲಿನ ತಿಂಗಳುಗಳನ್ನು ಏನೂ ಬರೆಯದೆ, ನೋಟ್‌ಬುಕ್ಕು ಮತ್ತು ಫೋನಿನಲ್ಲೇ ಗುಂಪುಗಳನ್ನು ಜೋಡಿಸಿಕೊಡಲು ಬಳಸುವುದು ಒಳ್ಳೆಯದು. ರೋಡ್‌ಮ್ಯಾಪ್‌ನಲ್ಲಿ ಅತಿ ಹೆಚ್ಚು ಬೆಲೆಯುಳ್ಳ ಹಂತ ಇದೇ. ಉದಾಹರಣೆಗೆ, ಮೇಜಿನ ಮುಂದೆ ಕುಳಿತು ಯೋಚಿಸಿದವರು ದಿನಾಂಕ ಆರಿಸುವ ಕ್ಯಾಲೆಂಡರನ್ನೇ ಮೊದಲು ಮಾಡುತ್ತಾರೆ. ಆದರೆ ಮಳೆಯಲ್ಲಿ ಔಷಧಿ ಹೊಡೆಯುವಂತಿಲ್ಲ. ಒಂದು ದಿನ ಮಳೆ ಬಂದರೆ ಆ ದಿನದ ತೋಟ ಮಾತ್ರವಲ್ಲ, ಅದರ ಹಿಂದಿನ ಎಲ್ಲ ತೋಟಗಳೂ ಮುಂದೆ ಹೋಗುತ್ತವೆ. ಬೆಳೆಗಾರ ಗುಂಪಿನ ಮುಖ್ಯಸ್ಥನನ್ನು ಕೇಳುವುದು ‘ನಮ್ದು ಯಾರಾದ್ಮೇಲೆ?’ ಎಂದು. ಆದ್ದರಿಂದ ಮೊದಲ ಆವೃತ್ತಿಯಲ್ಲಿ ಇರಬೇಕಾದ್ದು ದಿನಾಂಕಗಳ ಪಟ್ಟಿಯಲ್ಲ, ಸರದಿ. ‘ನಿಮ್ಮ ಮುಂದೆ ಮೂರು ತೋಟ ಇವೆ’ ಎಂಬ ಒಂದು ಸಾಲು ಕ್ಯಾಲೆಂಡರಿಗಿಂತ ಉಪಯುಕ್ತ.

ಯಾವುದನ್ನು ಮುಂದೂಡಬೇಕು

ಮೊದಲ ಆವೃತ್ತಿಗೆ ಸೇರಿಸಲು ಎಲ್ಲರಿಗೂ ಮನಸ್ಸಾಗುವುದು ಅಡಿಕೆ ಧಾರಣೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬಗೆಬಗೆಯ ದರ ತೋರಿಸುವ ಪುಟ ಮಾಡುವುದೂ ಸುಲಭ. ಆದರೆ ಕೃಷಿ ಮಾರಾಟ ವಾಹಿನಿ ಜಾಲತಾಣ, ಪತ್ರಿಕೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಅದು ಈಗಾಗಲೇ ಉಚಿತವಾಗಿ ಸಿಗುತ್ತಿದೆ, ಸಾಗರದ ಆಪ್ಸ್‌ಕೋಸ್ ಮತ್ತು ಶಿವಮೊಗ್ಗದ ಮ್ಯಾಮ್‌ಕೋಸ್‌ನ ಸದಸ್ಯರಿಗೆ ತಮ್ಮ ಸಂಘದಲ್ಲೇ ತಿಳಿಯುತ್ತದೆ. ಧಾರಣೆ ನೋಡಲು ದಿನಾ ಆ್ಯಪ್ ತೆರೆಯುವವರ ಸಂಖ್ಯೆ ಏರಿದಾಗ ಕಂಪನಿಗೆ ತನ್ನ ಮೂಲ ಸೇವೆ ನಡೆಯುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಹೂಡಿಕೆದಾರರಿಗೆ ತೋರಿಸುವ ರೇಖೆ ಮೇಲೇರುತ್ತಿರುತ್ತದೆ, ಔಷಧಿ ಹೊಡೆಯುವ ಗುಂಪು ಮಾತ್ರ ಯಾರ ತೋಟಕ್ಕೂ ಹೋಗಿರುವುದಿಲ್ಲ. ಧಾರಣೆಯನ್ನೂ ಹಣ ಪಾವತಿಯನ್ನೂ ಎರಡನೇ ವರ್ಷಕ್ಕೆ ತಳ್ಳುವುದು ಸರಿ.

ಶೇಕಡಾವಾರು ಬಿಡುಗಡೆಯ ಮಿತಿ

ಹೊಸ ಆವೃತ್ತಿಯನ್ನು ಮೊದಲು ಶೇ. 5ರಷ್ಟು ಬಳಕೆದಾರರಿಗೆ, ನಂತರ ಶೇ. 20ಕ್ಕೆ, ಕೊನೆಗೆ ಎಲ್ಲರಿಗೆ ಎಂದು ಬಿಡುವ ಸೌಲಭ್ಯ ಪ್ಲೇ ಸ್ಟೋರ್‌ನಲ್ಲಿದೆ. ಐಫೋನಿಗಾದರೆ ಆಪಲ್ ಏಳು ದಿನಗಳಲ್ಲಿ ಶೇ. 1ರಿಂದ 100ರವರೆಗೆ ತಾನೇ ಏರಿಸುತ್ತ ಹೋಗುತ್ತದೆ. ಲಕ್ಷಗಟ್ಟಲೆ ಬಳಕೆದಾರರಿರುವ ಆ್ಯಪ್‌ಗಳಿಗೆ ಇದು ತುಂಬ ಉಪಯೋಗಿ. ಸಾಗರದಲ್ಲಿ 400 ಬೆಳೆಗಾರರಿರುವ ಆ್ಯಪ್‌ಗೆ ಶೇ. 5 ಎಂದರೆ 20 ಜನ. ನೂರರಲ್ಲಿ ಒಬ್ಬರ ಫೋನಿನಲ್ಲಿ ಆ್ಯಪ್ ಮುಚ್ಚಿಹೋಗುವ ದೋಷವೊಂದಿದ್ದರೆ, ಆ 20 ಜನರಲ್ಲಿ ಒಬ್ಬರಿಗೂ ಅದು ಕಾಣದಿರುವ ಸಂಭವ ಶೇ. 80ಕ್ಕಿಂತ ಹೆಚ್ಚು. ಏನೂ ತೊಂದರೆ ಬರಲಿಲ್ಲ ಎಂಬುದರಿಂದ ಏನೂ ತಿಳಿದಂತಾಗುವುದಿಲ್ಲ.

ಮೇಲಾಗಿ ಆ 20 ಜನ ಯಾರೆಂದು ಪ್ಲೇ ಸ್ಟೋರ್ ಯದ್ವಾತದ್ವಾ ಆರಿಸುತ್ತದೆ. ದೇಶವನ್ನು ನಿಗದಿ ಮಾಡಬಹುದು, ತಾಲ್ಲೂಕನ್ನು ಮಾಡಲಾಗದು. ಒಂದೇ ಊರಿನ ಬೆಳೆಗಾರನಿಗೆ ಹೊಸ ಆವೃತ್ತಿ ಬಂದು, ಗುಂಪಿನ ಮುಖ್ಯಸ್ಥನಿಗೆ ಬಾರದಿದ್ದರೆ ಸರದಿ ತೋರಿಸುವ ಆ್ಯಪ್ ಕೆಲಸಕ್ಕೇ ಬಾರದು. ಹಾಗಾಗಿ ಇಂಥ ಸೇವೆಯಲ್ಲಿ ಆ್ಯಪನ್ನು ಎಲ್ಲರಿಗೂ ಒಂದೇ ರೀತಿ ಬಿಟ್ಟು, ಸೌಲಭ್ಯವನ್ನು ಕಂಪನಿಯ ಸರ್ವರ್‌ನಿಂದ ತಾಲ್ಲೂಕುವಾರು ತೆರೆಯುವುದು ರೂಢಿ. ಆ್ಯಪ್ ತೆರೆದಾಗ ಇಂಥ ಒಂದು ಸಣ್ಣ ಪಟ್ಟಿಯನ್ನು ಓದಿಕೊಳ್ಳುತ್ತದೆ:

```
{
  "kone_booking": {
    "sagara": true,
    "hosanagara": true,
    "thirthahalli": false
  }
}
```

ಸೌಲಭ್ಯ ಕೆಟ್ಟರೆ `true` ಇದ್ದದ್ದನ್ನು `false` ಮಾಡಿದರೆ ಸಾಕು, ನೆಟ್‌ವರ್ಕ್ ಸಿಕ್ಕ ಫೋನುಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಪ್ಲೇ ಸ್ಟೋರ್‌ನ ಬಿಡುಗಡೆಯನ್ನು ಅರ್ಧದಲ್ಲಿ ನಿಲ್ಲಿಸಬಹುದಾದರೂ, ಈಗಾಗಲೇ ಹೊಸ ಆವೃತ್ತಿ ಪಡೆದವರು ಅದರಲ್ಲೇ ಉಳಿಯುತ್ತಾರೆ. ಅವರನ್ನು ಹಿಂದಿನದಕ್ಕೆ ಮರಳಿಸಲು ಬರುವುದಿಲ್ಲ. ಹೆಚ್ಚಿನ `versionCode` ಇರುವ ಇನ್ನೊಂದು ಆವೃತ್ತಿಯನ್ನೇ ಕಳಿಸಬೇಕು, ಅದಕ್ಕೆ ಮತ್ತೆ ಪರಿಶೀಲನೆಯ ದಿನಗಳು ಹಿಡಿಯುತ್ತವೆ.

ಮಳೆಗಾಲದ ಹಂತ

ಸಾಗರದ ನಂತರ ಎರಡನೇ ತಾಲ್ಲೂಕಾಗಿ ಹೊಸನಗರವನ್ನು ಜುಲೈನಲ್ಲಿ ತೆರೆಯುವುದು ಬೇಕೆಂದೇ ಕಷ್ಟದ ಕಾಲವನ್ನು ಆರಿಸಿಕೊಂಡಂತೆ. ಹುಲಿಕಲ್, ನಗರದ ಸುತ್ತಿನ ಮಳೆಯಲ್ಲಿ ಕರೆಂಟು ಹೋಗಿ, ಟವರಿನ ಬ್ಯಾಟರಿ ಮುಗಿದು, ನೆಟ್‌ವರ್ಕ್ ದಿನಗಟ್ಟಲೆ ಇಲ್ಲವಾಗುವುದುಂಟು. ಆ್ಯಪ್ ನಿಜಕ್ಕೂ ಮುರಿಯುವುದು ಇಲ್ಲಿ. ಬೆಳೆಗಾರ ಮನೆಯಲ್ಲಿ ಕುಳಿತು ‘ಗುಂಪು ಬೇಕು’ ಒತ್ತುತ್ತಾನೆ, ಏನೂ ಆಗದ್ದು ಕಂಡು ಮತ್ತೆ ಒತ್ತುತ್ತಾನೆ. ಸಂಜೆ ಪೇಟೆಗೆ ಹೋದಾಗ ಎರಡೂ ಕೋರಿಕೆಗಳು ಒಟ್ಟಿಗೆ ಹೋಗಿ ಸರದಿಯಲ್ಲಿ ಎರಡು ಜಾಗ ಹಿಡಿಯುತ್ತವೆ. ಬೇರೆ ಯಾರದೋ ತೋಟ ಒಂದು ದಿನ ಹಿಂದೆ ಬೀಳುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲೇ ಫೋನು ಆ ಕೋರಿಕೆಗೊಂದು ಗುರುತಿನ ಸಂಖ್ಯೆ ಕೊಟ್ಟು, ಅದು ಸರ್ವರ್‌ಗೆ ತಲುಪುವವರೆಗೆ ಮತ್ತೆ ಒತ್ತಿದರೂ ಅದೇ ಸಂಖ್ಯೆ ಹೋಗುವಂತೆ, ಸರ್ವರ್ ಒಂದು ಸಂಖ್ಯೆಯನ್ನು ಒಮ್ಮೆ ಮಾತ್ರ ಸ್ವೀಕರಿಸುವಂತೆ ಮಾಡುವುದು ಇದಕ್ಕೆ ಪರಿಹಾರ. ‘ಫೋನಿನಲ್ಲಿ ಉಳಿದಿದೆ, ಇನ್ನೂ ಹೋಗಿಲ್ಲ’ ಎಂಬ ಮಾತು ಪರದೆಯ ಮೇಲೆ ಕಾಣುತ್ತಲೇ ಇರಬೇಕು. ಈ ದೋಷ ಇದೆಯೇ ಎಂದು ತಿಳಿಯುವ ದಾರಿಯೂ ಸರಳ: ಒಂದೇ ತೋಟದಿಂದ ಒಂದೇ ದಿನ ಬಂದ ಎರಡು ಕೋರಿಕೆಗಳನ್ನು ವಾರಕ್ಕೊಮ್ಮೆ ಎಣಿಸಿದರೆ ಸಾಕು.

ನೆಟ್‌ವರ್ಕ್ ಇಲ್ಲದ ಕಡೆ ಆ್ಯಪ್‌ಗಳು ತಾವಾಗಿ ಅಪ್‌ಡೇಟ್ ಆಗುವುದೂ ನಿಧಾನ. ಮೇ ತಿಂಗಳಲ್ಲಿ ಹಾಕಿಸಿಕೊಂಡ ಆವೃತ್ತಿಯನ್ನೇ ಅಕ್ಟೋಬರಿನಲ್ಲೂ ಇಟ್ಟುಕೊಂಡವರು ಇದ್ದೇ ಇರುತ್ತಾರೆ. ಆದ್ದರಿಂದ ಸರ್ವರ್ ಕನಿಷ್ಠ ಒಂದು ಪೂರ್ತಿ ಹಂಗಾಮು ಹಳೆಯ ಆವೃತ್ತಿಗಳೊಂದಿಗೂ ಮಾತಾಡಬೇಕು. ಈ ಖರ್ಚನ್ನು ನವೋದ್ಯಮದ ಯೋಜನಾ ಪತ್ರಗಳಲ್ಲಿ ಕಾಣುವುದು ಅಪರೂಪ. ಬಿಡುಗಡೆಯ ವೇಳಾಪಟ್ಟಿಯಲ್ಲಿ ಅದಕ್ಕೆಂದೇ ಒಂದು ಸಾಲು ಇರಬೇಕು.

ಮುಂದಿನ ಹಂತಕ್ಕೆ ಹೋಗುವ ತೀರ್ಮಾನ

ಆ್ಯಪ್ ಹಾಕಿಕೊಂಡ 30ನೇ ದಿನಕ್ಕೆ ಎಷ್ಟು ಜನ ಮತ್ತೆ ತೆರೆದರು ಎಂಬುದು ಉದ್ಯಮದಲ್ಲಿ ಬಳಕೆಯಲ್ಲಿರುವ ಅಳತೆ. ವರ್ಷದಲ್ಲಿ ನಾಲ್ಕಾರು ಸಲ ಮಾತ್ರ ಬೇಕಾಗುವ ಸೇವೆಗೆ ಅದು ಅರ್ಥಹೀನ. ಎರಡು ಔಷಧಿಗಳ ನಡುವಿನ 40–45 ದಿನವೇ ಇಲ್ಲಿ ಸಹಜವಾದ ಅಳತೆಗೋಲು. ಮೊದಲ ಔಷಧಿಗೆ ಆ್ಯಪ್‌ನಿಂದ ಗುಂಪು ಕರೆದ ಸಾಗರದ ಬೆಳೆಗಾರರಲ್ಲಿ ಎರಡನೆಯದಕ್ಕೂ ಹಾಗೆಯೇ ಕರೆದವರು ಅರ್ಧಕ್ಕಿಂತ ಹೆಚ್ಚಿದ್ದರೆ ಮುಂದೆ ಹೋಗುವುದು ಎಂಬಂಥ ಗೆರೆಯನ್ನು ಮೊದಲೇ ಬರೆದಿಡಬೇಕು. ಫಲಿತಾಂಶ ನೋಡಿದ ಮೇಲೆ ಎಳೆದ ಗೆರೆ ಸದಾ ತಮ್ಮ ಪರವಾಗಿಯೇ ಇರುತ್ತದೆ. ಈ ಲೆಕ್ಕದಲ್ಲೂ ಒಂದು ತೊಡಕಿದೆ: ಚೆನ್ನಾಗಿ ಕೆಲಸ ಮಾಡಿದ ಗುಂಪಿನ ಫೋನ್ ನಂಬರ್ ಬೆಳೆಗಾರನ ಬಳಿ ಇರುತ್ತದೆ, ಎರಡನೇ ಸಲ ಅವನು ನೇರವಾಗಿ ಅವರಿಗೇ ಫೋನ್ ಮಾಡುತ್ತಾನೆ. ಆ್ಯಪ್‌ಗೆ ಮರಳದವರಿಗೆಲ್ಲ ಫೋನ್ ಮಾಡಿ, ಗುಂಪು ಬೇಡವಾಯಿತೇ, ಆ್ಯಪ್ ಬೇಡವಾಯಿತೇ ಎಂದು ಕೇಳಿದರೆ ಮಾತ್ರ ಇದು ಗೊತ್ತಾಗುತ್ತದೆ. 400 ಜನರಿರುವಾಗ ಇದು ಮಾಡಬಹುದಾದ ಕೆಲಸ.

ಉತ್ತರ ಎರಡನೆಯದಾದರೆ ತೀರ್ಥಹಳ್ಳಿಯನ್ನು ತೆರೆಯುವುದನ್ನು ಕೊಯ್ಲಿನವರೆಗೆ ತಡೆದು, ಗುಂಪಿನವರಿಗೇ ಹೆಚ್ಚು ಉಪಯೋಗವಾಗುವಂತೆ ಆ್ಯಪ್ ಬದಲಿಸಬೇಕಾಗುತ್ತದೆ: ಯಾವ ತೋಟದಲ್ಲಿ ಎಷ್ಟು ಕೆಲಸವಾಯಿತು, ಎಷ್ಟು ಹಣ ಬಾಕಿ, ನಾಳೆಯ ತೋಟಕ್ಕೆ ಎಷ್ಟು ದೂರ ಎಂಬುದನ್ನು ಅದು ನೋಡಿಕೊಂಡರೆ ಮುಖ್ಯಸ್ಥನೇ ತನಗೆ ನೇರವಾಗಿ ಬಂದ ಫೋನ್ ಕರೆಗಳನ್ನೂ ಆ್ಯಪ್‌ಗೆ ಸೇರಿಸುತ್ತಾನೆ. ಇದನ್ನು ಬರೆಯಲು ಆಗಸ್ಟ್ ಮತ್ತು ಸೆಪ್ಟೆಂಬರ್ ಸಿಗುತ್ತದೆ. ಕೊಯ್ಲು ಶುರುವಾದ ಮೇಲೆ ಹೊಸ ಆವೃತ್ತಿ ಬಿಡದೆ, ದೋಷ ತಿದ್ದಿದ್ದನ್ನು ಮಾತ್ರ ಕಳಿಸುವುದು ಒಳ್ಳೆಯದು.