ತಾತ್ಕಾಲಿಕ ಗತಿ: ಭಾಸ್ಕರಾಚಾರ್ಯನ ಚಂದ್ರಗಣಿತದಲ್ಲಿ ಒಂದು ವಿಚಾರ

ಒಂದು ವಸ್ತುವು ಇಷ್ಟು ಕಾಲದಲ್ಲಿ ಇಷ್ಟು ದೂರ ಹೋಯಿತೆಂದರೆ ಅದರ ಸರಾಸರಿ ವೇಗವನ್ನು ಭಾಗಾಕಾರದಿಂದ ತಿಳಿಯುವುದು ಸುಲಭ. ಆದರೆ ಈ ಒಂದು ಕ್ಷಣದಲ್ಲಿ ಅದರ ವೇಗವೆಷ್ಟು ಎಂದು ಕೇಳಿದರೆ ತೊಡಕು ಹುಟ್ಟುತ್ತದೆ. ಕ್ಷಣವೆಂಬುದಕ್ಕೆ ಅಗಲವಿಲ್ಲ, ಅದರಲ್ಲಿ ಸಾಗಿದ ದೂರವೂ ಸೊನ್ನೆ, ಕಳೆದ ಕಾಲವೂ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಬರುವುದೇನು? ಯುರೋಪಿನಲ್ಲಿ ಈ ಪ್ರಶ್ನೆ ಬೀಳುವ ಕಲ್ಲುಗಳ ಮತ್ತು ಸುತ್ತುವ ಗ್ರಹಗಳ ವಿಚಾರದಿಂದ ಎದ್ದಿತು. ಭಾರತದಲ್ಲಿ ಅದು ಎದ್ದುದು ಪಂಚಾಂಗದಿಂದ, ಅದರಲ್ಲಿಯೂ ತಿಥಿಯ ಅಂತ್ಯವನ್ನು ಘಳಿಗೆಗಳಲ್ಲಿ ಹೇಳಬೇಕಾದ ಅಗತ್ಯದಿಂದ.

ಶಕ 1036ರಲ್ಲಿ, ಎಂದರೆ ಕ್ರಿ.ಶ. 1114ರಲ್ಲಿ, ಜನಿಸಿದ ಭಾಸ್ಕರಾಚಾರ್ಯನು ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ‘ಸಿದ್ಧಾಂತ ಶಿರೋಮಣಿ’ಯನ್ನು ರಚಿಸಿದನು. ತನ್ನ ಊರು ಸಹ್ಯಪರ್ವತದ ಬಳಿಯ ವಿಜ್ಜಡವಿಡವೆಂದು ಅವನೇ ಹೇಳಿಕೊಂಡಿದ್ದಾನೆ. ಇದನ್ನು ವಿಜಾಪುರವೆಂದು ಗುರುತಿಸಿದವರೂ ಉಂಟು. ಮಹಾರಾಷ್ಟ್ರದ ಊರೆಂದು ವಾದಿಸಿದವರೂ ಉಂಟು. ಆ ವಾದವು ಇಲ್ಲಿ ಪ್ರಕೃತವಲ್ಲ. ಆ ಗ್ರಂಥದ ಸ್ಪಷ್ಟಾಧಿಕಾರದಲ್ಲಿ ಅವನು ಗ್ರಹದ ಗತಿಯನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾನೆ. ಇಂದಿನ ಮತ್ತು ನಾಳಿನ ಸ್ಪಷ್ಟಗ್ರಹಗಳ ಅಂತರವು ಆ ಎರಡು ಸಮಯಗಳ ನಡುವಿನ ಗತಿ, ಇದು ಸ್ಥೂಲವಾದುದು. ಆಯಾ ಸಮಯಕ್ಕೆ ಸಲ್ಲುವ ಗತಿಯು ಇನ್ನೊಂದು, ಅದು ತಾತ್ಕಾಲಿಕ. ಚಂದ್ರನ ಗತಿಯು ದೊಡ್ಡದಾದುದರಿಂದ ಅದು ಕ್ಷಣಕ್ಷಣಕ್ಕೂ ಬೇರೆಯಾಗುತ್ತದೆಂದೂ, ಅದಕ್ಕಾಗಿಯೇ ಈ ವಿಶೇಷವನ್ನು ಹೇಳಬೇಕಾಯಿತೆಂದೂ ತನ್ನ ವಾಸನಾಭಾಷ್ಯದಲ್ಲಿ ವಿವರಿಸಿದ್ದಾನೆ.

ಈ ಭೇದವನ್ನು ಒಂದು ಉದಾಹರಣೆಯಿಂದ ನೋಡಬಹುದು. ಸಿದ್ಧಾಂತದ ಲೆಕ್ಕದಂತೆ ಚಂದ್ರನ ಮಧ್ಯಮಗತಿ ದಿನಕ್ಕೆ 790 ಕಲೆ 35 ವಿಕಲೆ. ಅವನ ಮಂದೋಚ್ಚವು, ಎಂದರೆ ಭೂಮಿಯಿಂದ ಅತ್ಯಂತ ದೂರವಾದ ಬಿಂದುವು, ದಿನಕ್ಕೆ 6 ಕಲೆ 41 ವಿಕಲೆ ಸರಿಯುತ್ತದೆ. ಆದುದರಿಂದ ಉಚ್ಚದಿಂದ ಎಣಿಸಿದ ಮಂದಕೇಂದ್ರವು ದಿನಕ್ಕೆ ಸುಮಾರು 784 ಕಲೆ ಬೆಳೆಯುತ್ತದೆ. ಚಂದ್ರನ ಮಂದಪರಿಧಿ 31 ಅಂಶ 36 ಕಲೆ. ಇದರಿಂದ ಬರುವ ಪರಮ ಮಂದಫಲ ಸುಮಾರು 302 ಕಲೆ. ಕೇಂದ್ರದ ಜ್ಯೆಯು ಎಷ್ಟೋ ಅದಕ್ಕೆ ಅನುಪಾತವಾಗಿ ಈ ಫಲವನ್ನು ಮಧ್ಯಮಚಂದ್ರನಿಂದ ಕಳೆದರೆ ಅಥವಾ ಅವನಿಗೆ ಕೂಡಿದರೆ ಸ್ಪಷ್ಟಚಂದ್ರನು ದೊರೆಯುತ್ತಾನೆ.

ಒಂದು ದಿನ ಸೂರ್ಯೋದಯದಲ್ಲಿ ಮಂದಕೇಂದ್ರವು 60 ಅಂಶವಾಗಿರಲಿ. ಮರುದಿನದ ಸೂರ್ಯೋದಯದವರೆಗಿನ ಸ್ಪಷ್ಟಚಂದ್ರರ ಅಂತರವನ್ನು ತೆಗೆದರೆ 763.2 ಕಲೆ ಬರುತ್ತದೆ. ಅರ್ಧ ದಿನದ ಅಂತರವನ್ನು ತೆಗೆದು ಪೂರ್ಣದಿನದ ಪ್ರಮಾಣಕ್ಕೆ ಏರಿಸಿದರೆ 759.6. ಕಾಲು ದಿನದ ಅಂತರದಿಂದ 757.9. ಒಂದೇ ಘಳಿಗೆಯ ಅಂತರದಿಂದ 756.3. ಕಾಲವು ಅರ್ಧವಾದಂತೆಲ್ಲ ಈ ಸಂಖ್ಯೆಗಳು 756.2ಕ್ಕೆ ಸಮೀಪಿಸುತ್ತವೆ, ಮತ್ತು ಉಳಿಯುವ ಅಂತರವೂ ಹೆಚ್ಚುಕಡಿಮೆ ಅರ್ಧವಾಗುತ್ತ ಹೋಗುತ್ತದೆ: ಮೊದಲು 7 ಕಲೆ, ಬಳಿಕ ಮೂರೂವರೆಗೆ ಹತ್ತಿರ, ಬಳಿಕ ಒಂದೂಮುಕ್ಕಾಲಿಗೆ ಹತ್ತಿರ. ಇವು ಯಾವುದನ್ನು ಸಮೀಪಿಸುತ್ತವೆಯೋ ಆ 756.2 ಕಲೆಯೇ ಸೂರ್ಯೋದಯದ ಕ್ಷಣಕ್ಕೆ ಸಲ್ಲುವ ಗತಿ.

ಭಾಸ್ಕರನು ಈ ಸಂಖ್ಯೆಯನ್ನು ಕಾಲವನ್ನು ಕುಗ್ಗಿಸುತ್ತ ಪಡೆಯಲಿಲ್ಲ. ನೇರವಾಗಿ ಒಂದು ಸೂತ್ರದಿಂದ ಪಡೆದನು. ಕೇಂದ್ರದ ಕೋಟಿಜ್ಯೆಯಿಂದ ಬರುವ ಕೋಟಿಫಲವನ್ನು ಕೇಂದ್ರಗತಿಯಿಂದ ಗುಣಿಸಿ ತ್ರಿಜ್ಯೆಯಿಂದ ಭಾಗಿಸಿದರೆ ಗತಿಫಲ ಬರುತ್ತದೆ. ಚಂದ್ರನು ಉಚ್ಚದ ಕಡೆಯ ಅರ್ಧದಲ್ಲಿದ್ದರೆ ಅದನ್ನು ಮಧ್ಯಮಗತಿಯಿಂದ ಕಳೆಯಬೇಕು. ನೀಚದ ಕಡೆಯ ಅರ್ಧದಲ್ಲಿದ್ದರೆ ಕೂಡಬೇಕು. 60 ಅಂಶಕ್ಕೆ ಕೋಟಿಜ್ಯೆಯು ತ್ರಿಜ್ಯೆಯ ಅರ್ಧವಾದುದರಿಂದ ಗತಿಫಲ 34.4 ಕಲೆ. 790.6ರಿಂದ ಇದನ್ನು ಕಳೆದರೆ 756.2. ಸರಾಸರಿಗಳು ಯಾವ ಸಂಖ್ಯೆಯನ್ನು ಸಮೀಪಿಸುತ್ತಿದ್ದವೋ ಅದೇ ಸಂಖ್ಯೆ ಇಲ್ಲಿಯೂ ಬಂದಿದೆ.

ಈ ಸೂತ್ರದ ಹಿಂದಿನ ಯುಕ್ತಿಯು ಗಮನಾರ್ಹವಾದುದು. ಆರ್ಯಭಟನ ಕಾಲದಿಂದ, ಎಂದರೆ ಕ್ರಿ.ಶ. 499ರಿಂದ, ಪ್ರಚಾರದಲ್ಲಿದ್ದ ಜ್ಯಾಕೋಷ್ಠಕದಲ್ಲಿ 225 ಕಲೆಗಳಿಗೊಂದರಂತೆ ಇಪ್ಪತ್ತನಾಲ್ಕು ಜ್ಯೆಗಳಿವೆ. ಅವುಗಳ ತ್ರಿಜ್ಯೆ 3438. ಒಂದೊಂದು ಜ್ಯೆಗೂ ಮುಂದಿನದಕ್ಕೂ ಇರುವ ಅಂತರವೇ ಖಂಡ. ಬ್ರಹ್ಮಗುಪ್ತನು (ಕ್ರಿ.ಶ. 628) ಮೊದಲಾದವರು ಗತಿಫಲವನ್ನು ಸಾಧಿಸುವಾಗ ಚಂದ್ರನು ಯಾವ ಖಂಡದಲ್ಲಿರುವನೋ ಆ ಖಂಡವನ್ನೇ ಬಳಸಿದರು. ಇದರಿಂದ 225 ಕಲೆಗಳುದ್ದಕ್ಕೂ ಗತಿಫಲವು ಒಂದೇ ಆಗಿದ್ದು, ಗಡಿಯನ್ನು ದಾಟಿದೊಡನೆ ಥಟ್ಟನೆ ಬದಲಾಗುತ್ತದೆ. 60 ಅಂಶವು ಅಂಥ ಒಂದು ಗಡಿ. ಅದಕ್ಕೆ ಹಿಂದಿನ ಖಂಡ 119, ಮುಂದಿನದು 106. ಆ ರೀತಿಯಂತೆ ಈ ಕೋಷ್ಠಕದಿಂದ ಲೆಕ್ಕ ಮಾಡಿದರೆ ಗಡಿಗೆ ಒಂದು ಕ್ಷಣ ಮೊದಲು ಚಂದ್ರನ ಗತಿ 754.2 ಕಲೆ, ಒಂದು ಕ್ಷಣ ಕಳೆದ ಮೇಲೆ 758.2 ಕಲೆ. ಆಕಾಶದ ಚಂದ್ರನು ಹಾಗೆ ಜಿಗಿಯುವವನಲ್ಲ. ಜಿಗಿಯುವುದು ಕೋಷ್ಠಕ ಮಾತ್ರ.

ಭಾಸ್ಕರನು ಖಂಡವನ್ನೇ ತಾತ್ಕಾಲಿಕವಾಗಿ ಮಾಡಿದನು. ಕೋಟಿಜ್ಯೆಯು ತ್ರಿಜ್ಯೆಗೆ ಸಮನಾಗಿರುವ ಆರಂಭಸ್ಥಾನದಲ್ಲಿ ಖಂಡವು 225. ಹಾಗಾದರೆ ಇಷ್ಟಸ್ಥಾನದ ಕೋಟಿಜ್ಯೆಗೆ ಎಷ್ಟು? ಈ ತ್ರೈರಾಶಿಕದಿಂದ 60 ಅಂಶದಲ್ಲಿ ಬರುವ ಖಂಡ 112.5. ಇದು 119ಕ್ಕೂ 106ಕ್ಕೂ ನಡುವೆ ಸರಿಯಾಗಿ ಮಧ್ಯದಲ್ಲಿದೆ. ಬಳಿಕ ಎರಡನೆಯ ತ್ರೈರಾಶಿಕ: 225 ಕಲೆಗಳಿಗೆ ಈ ಖಂಡವಾದರೆ ಕೇಂದ್ರಗತಿಗೆ ಎಷ್ಟು? ಎರಡನ್ನೂ ಜೋಡಿಸಿದಾಗ 225 ಎಂಬ ಸಂಖ್ಯೆಯು ಗುಣಕದಲ್ಲಿಯೂ ಭಾಜಕದಲ್ಲಿಯೂ ನಿಂತು ಹೊರಟುಹೋಗುತ್ತದೆ. ಉಳಿಯುವುದು ಕೋಟಿಜ್ಯೆ, ಕೇಂದ್ರಗತಿ ಮತ್ತು ತ್ರಿಜ್ಯೆ ಮಾತ್ರ. ಕೋಷ್ಠಕದ ಹೆಜ್ಜೆಯ ಅಳತೆಯು ಉತ್ತರದಲ್ಲಿ ಉಳಿಯುವುದಿಲ್ಲ. ಕೋಟಿಜ್ಯೆಯಿಂದ ಗತಿಯನ್ನು ತಿದ್ದುವ ಕ್ರಮವು ಮುಂಜಾಲನ ‘ಲಘುಮಾನಸ’ದಲ್ಲಿಯೇ (ಕ್ರಿ.ಶ. 932) ಇತ್ತು, ಭಾಸ್ಕರನ ಹೆಚ್ಚುಗಾರಿಕೆಯು ಅದರ ಉಪಪತ್ತಿಯಲ್ಲಿಯೂ, ಎರಡು ಗತಿಗಳ ಭೇದವನ್ನು ಹೆಸರಿಟ್ಟು ಹೇಳಿದುದರಲ್ಲಿಯೂ ಇದೆ.

ಅವನು ಆ ಭೇದವನ್ನು ಬಳಸಿದ ರೀತಿಯೂ ನೋಡತಕ್ಕದ್ದು. ತಿಥಿಯ ಅಂತ್ಯವು ಹತ್ತಿರವಿದ್ದರೆ ತಾತ್ಕಾಲಿಕ ಗತಿಯಿಂದಲೂ, ದೂರವಿದ್ದರೆ ಸ್ಥೂಲಗತಿಯಿಂದಲೂ ಸಾಧಿಸಬೇಕೆಂದು ವಿಧಿಸಿದ್ದಾನೆ. ಮೇಲಿನ ದಿನವನ್ನೇ ತೆಗೆದುಕೊಂಡು, ರವಿಯ ಗತಿ 59 ಕಲೆಯೆಂದಿಟ್ಟರೆ, ಚಂದ್ರನು ರವಿಯಿಂದ ದೂರ ಸರಿಯುವ ಗತಿ ತಾತ್ಕಾಲಿಕವಾಗಿ 697, ಸ್ಥೂಲವಾಗಿ 704. ತಿಥ್ಯಂತಕ್ಕೆ 120 ಕಲೆ ಉಳಿದಿದ್ದರೆ ನಿಜವಾದ ಅಂತ್ಯ 10.31 ಘಳಿಗೆಗೆ. ತಾತ್ಕಾಲಿಕ ಗತಿಯಿಂದ 10.33 ಬರುತ್ತದೆ, ಸ್ಥೂಲಗತಿಯಿಂದ 10.23, ಮೊದಲನೆಯದು ಅರ್ಧ ನಿಮಿಷದಷ್ಟೂ ತಪ್ಪದು, ಎರಡನೆಯದು ಸುಮಾರು ಎರಡು ನಿಮಿಷ ತಪ್ಪುತ್ತದೆ. ಆದರೆ 600 ಕಲೆ ಉಳಿದಿದ್ದರೆ ಫಲ ತಿರುವುಮುರುವಾಗುತ್ತದೆ. ಆಗ ತಾತ್ಕಾಲಿಕ ಗತಿಯು ಸುಮಾರು ಹನ್ನೊಂದು ನಿಮಿಷ ತಪ್ಪಿಸುತ್ತದೆ. ಸ್ಥೂಲಗತಿಯ ದೋಷ ಎರಡು ನಿಮಿಷದೊಳಗೇ ನಿಲ್ಲುತ್ತದೆ. ಕ್ಷಣದ ಗತಿಯು ಆ ಕ್ಷಣದ ನೆರೆಹೊರೆಗೆ ಮಾತ್ರ ಸಲ್ಲುತ್ತದೆಂಬ ತಿಳಿವು ಈ ವಿಧಿಯಲ್ಲಿ ಅಡಗಿದೆ.

ಇನ್ನೊಂದು ಪ್ರಸಂಗದಲ್ಲಿಯೂ ಅದೇ ತಿಳಿವು ಕಾಣುತ್ತದೆ. ಸ್ಪಷ್ಟಗತಿಯು ಮಧ್ಯಮಗತಿಗೆ ಸಮನಾಗುವುದು ಎಲ್ಲಿ? ಕಕ್ಷಾವೃತ್ತ ಮತ್ತು ಪ್ರತಿವೃತ್ತಗಳು ಕೂಡುವ ಸ್ಥಳದಲ್ಲೆಂದು ಲಲ್ಲನು ಹೇಳಿದ್ದನು. ಭಾಸ್ಕರನು ಅದನ್ನು ಒಪ್ಪದೆ, ಮಂದಫಲವು ಪರಮವಾಗಿರುವ ಸ್ಥಳದಲ್ಲೆಂದು ತಿದ್ದಿದನು. ಬೆಳೆಯುತ್ತಿದ್ದ ಫಲವು ಇಳಿಯಲು ತೊಡಗುವ ಆ ಸ್ಥಾನದಲ್ಲಿ ಅದರ ಬದಲಾವಣೆಯ ಗತಿ ಸೊನ್ನೆ. ಆದುದರಿಂದ ಮಧ್ಯಮಗತಿಗೆ ಕೂಡುವುದಾಗಲಿ ಕಳೆಯುವುದಾಗಲಿ ಇರುವುದಿಲ್ಲ.

ಕಾಶಿಯ ಬಾಪೂದೇವ ಶಾಸ್ತ್ರಿಗಳು 1858ರಲ್ಲಿ ಈ ಭಾಗವನ್ನು ಪ್ರಕಟಿಸಿ, ಭಾಸ್ಕರನಿಗೆ ಚಲನಕಲನದ ಮೂಲತತ್ತ್ವವು ತಿಳಿದಿತ್ತೆಂದು ಪ್ರತಿಪಾದಿಸಿದರು. ಆಂಗ್ಲ ಗಣಿತಜ್ಞ ಸ್ಪಾಟಿಸ್‌ವುಡ್ 1860ರಲ್ಲಿ ಉತ್ತರ ಕೊಟ್ಟು, ಹೋಲಿಕೆಯನ್ನು ಒಪ್ಪಿದರೂ, ಕಾಲಾಂತರವು ಅತ್ಯಂತ ಸೂಕ್ಷ್ಮವಾಗಿರಬೇಕೆಂಬ ಭಾವನೆಯು ಆ ಗ್ರಂಥದಲ್ಲಿ ಹೇಳಲ್ಪಟ್ಟಿಲ್ಲವೆಂದು ವಾದಿಸಿದರು. ಈ ವಿವಾದದ ತೀರ್ಪು ‘225’ ಎಂಬ ಅಂಕದಲ್ಲಿಯೇ ಇದೆಯೆನ್ನಬಹುದು. 225 ಕಲೆಗಳ ಚಾಪಕ್ಕೆ ನಿಜವಾದ ಜ್ಯೆ 224.86, ಪೂರ್ಣಾಂಕದ ಕೋಷ್ಠಕವು ಅದನ್ನು 225ಕ್ಕೆ ಏರಿಸಿತು. ಆರಂಭದಲ್ಲಿ ಚಾಪವೂ ಜ್ಯೆಯೂ ಸಮವೆಂದು ಹಿಡಿದುದರಿಂದಲೇ ಸೂತ್ರವು ಶುದ್ಧವಾಗಿ ಬಂದಿತು. ಆದರೆ ಆ ಸಮತ್ವವು ಯಾವ ನಿಯತ ಚಾಪಕ್ಕೂ ಪೂರ್ತಿಯಾಗಿ ಸತ್ಯವಲ್ಲ. ಚಾಪವು ಕುಗ್ಗುತ್ತ ಹೋದಾಗ ಅವುಗಳ ನಿಷ್ಪತ್ತಿಯು ಒಂದನ್ನು ಸಮೀಪಿಸುತ್ತದೆ, ಅಷ್ಟೆ. ಮಿತಿಯೆಂಬ ವಿಚಾರವು ಬರಬೇಕಾದ ಸ್ಥಳ ಅದೇ. ಭಾಸ್ಕರನು ಆ ಸ್ಥಳವನ್ನು ಮುಟ್ಟಿ, ಉತ್ತರವನ್ನೂ ಪಡೆದು, ವಿಚಾರವನ್ನು ಹೇಳದೆ ಮುಂದೆ ನಡೆದನು.

ಹೇಳದೆ ಉಳಿದ ಆ ವಿಚಾರವು ಯುರೋಪಿನಲ್ಲಿಯೂ ಬೇಗನೆ ತಿಳಿಯಾಗಲಿಲ್ಲ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ಮಾಯವಾಗುತ್ತಿರುವ ಪರಿಮಾಣಗಳ ಅಂತಿಮ ನಿಷ್ಪತ್ತಿಯೆಂದು ಮಾತನಾಡಿದನು. ಆ ಪರಿಮಾಣಗಳು ಇರುವಾಗ ಅವು ಅಂತಿಮವಲ್ಲ, ಹೋದ ಮೇಲೆ ನಿಷ್ಪತ್ತಿಯೇ ಇಲ್ಲ ಎಂಬ ಬಗೆಯ ಆಕ್ಷೇಪವನ್ನು ಬಿಷಪ್ ಬರ್ಕ್ಲಿ 1734ರಲ್ಲಿ ಎತ್ತಿದನು. ಅದಕ್ಕೆ ತೃಪ್ತಿಕರವಾದ ಉತ್ತರದ ದಾರಿಯನ್ನು ತೋರಿಸಿದವನು ಫ್ರಾನ್ಸಿನ ಕೋಶಿ. 1821 ಮತ್ತು 1823ರ ಅವನ ಪಾಠಗಳಲ್ಲಿ ಮಿತಿಯೇ ಎಲ್ಲಕ್ಕೂ ಆಧಾರವಾಯಿತು. ಕಾಲವನ್ನು ಸೊನ್ನೆಗೆ ತರಬೇಕಾಗಿಯೇ ಇಲ್ಲ. ಸರಾಸರಿಯು ಒಂದು ನಿಯತ ಸಂಖ್ಯೆಗೆ ಬೇಕೆಂದಷ್ಟು ಹತ್ತಿರ ಬಂದು ಅಲ್ಲಿಯೇ ಉಳಿಯುವುದೇ ಎಂಬುದೊಂದನ್ನೇ ಪರೀಕ್ಷಿಸಬೇಕು.

ಚಂದ್ರನ ಉದಾಹರಣೆಯಲ್ಲಿ ಈ ಪರೀಕ್ಷೆಯನ್ನು ಮಾಡಿ ನೋಡಬಹುದು. ಸರಾಸರಿಗೂ 756.2ಕ್ಕೂ ಇರುವ ಅಂತರವು, ತೆಗೆದುಕೊಂಡ ಕಾಲವು ದಿನದ ಎಷ್ಟನೆಯ ಭಾಗವೋ 7 ಕಲೆಯ ಸುಮಾರು ಅಷ್ಟನೆಯ ಭಾಗ. ದೋಷವು ಒಂದು ಕಲೆಯನ್ನು ಮೀರಕೂಡದೆಂದರೆ ಕಾಲವನ್ನು ಎಂಟು ಘಳಿಗೆಗೆ ಇಳಿಸಿದರೆ ಸಾಕು. ಕಲೆಯ ಹತ್ತನೆಯ ಒಂದು ಭಾಗವನ್ನು ಮೀರಕೂಡದೆಂದರೆ ಮುಕ್ಕಾಲು ಘಳಿಗೆಗೆ. ಕೇಳುವವನು ಎಷ್ಟೇ ಸೂಕ್ಷ್ಮತೆಯನ್ನು ಕೇಳಲಿ, ಅದಕ್ಕೆ ತಕ್ಕ, ಸೊನ್ನೆಯಲ್ಲದ ಒಂದು ಕಾಲವನ್ನು ತೋರಿಸಬಹುದು; ಅದಕ್ಕಿಂತ ಚಿಕ್ಕದಾದ ಎಲ್ಲ ಕಾಲಗಳಿಗೂ ಮಾತು ನಿಲ್ಲುತ್ತದೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸುವ ಪ್ರಸಂಗವು ಎಲ್ಲಿಯೂ ಬರುವುದಿಲ್ಲ. ಕ್ಷಣದ ವೇಗವೆಂದರೆ ಕ್ಷಣದೊಳಗೆ ಸಾಗಿದ ದೂರದ ಲೆಕ್ಕವಲ್ಲ, ಆ ಕ್ಷಣವನ್ನು ಒಳಗೊಂಡು ಕುಗ್ಗುತ್ತಿರುವ ಕಾಲಗಳ ಸರಾಸರಿಗಳೆಲ್ಲವೂ ಗುರಿಯಿಟ್ಟಿರುವ ಸಂಖ್ಯೆ. 1150ರಲ್ಲಿ ಆ ಸಂಖ್ಯೆಯು ದೊರೆತಿತ್ತು, ಅದಕ್ಕೆ ತಾತ್ಕಾಲಿಕ ಗತಿಯೆಂಬ ಹೆಸರೂ ಇತ್ತು. ಅದರ ಲಕ್ಷಣವನ್ನು ಹೇಳುವ ಮಾತು ದೊರೆಯಲು ಇನ್ನೂ ಆರೂವರೆ ಶತಮಾನಗಳಿಗೂ ಮಿಕ್ಕ ಕಾಲ ಬೇಕಾಯಿತು.