ಸೀಮಂತದ ಬಳೆ ತೊಡಿಸುವವರು ಯಾರು?

ಪೋರೂರಿನಲ್ಲಿ ನಾನು ಕಂಡ ಕನ್ನಡದ ಮನೆಗಳಲ್ಲಿ ಸೀಮಂತ ಮತ್ತು ತಮಿಳರ ವಳೈಕಾಪ್ಪು ಹೆಚ್ಚಾಗಿ ಒಂದೇ ದಿನ ನಡೆಯುತ್ತವೆ. ಬೆಳಿಗ್ಗೆ ಪುರೋಹಿತರ ಹೋಮ, ಅದು ಮುಗಿದ ಮೇಲೆ ಹೆಂಗಸರ ಬಳೆಶಾಸ್ತ್ರ. ನೋಡಲು ಒಂದೇ ಸಮಾರಂಭ; ಆದರೆ ಇವೆರಡರ ಮೂಲ ಬೇರೆ.

ಸೀಮಂತೋನ್ನಯನ ಎಂದರೆ ಬೈತಲೆಯನ್ನು ಮೇಲ್ಮುಖವಾಗಿ ತೆಗೆಯುವುದು. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಇದು ನಾಲ್ಕನೇ ತಿಂಗಳಿನ ಕರ್ಮ. ಎಳೆಯ ಅತ್ತಿಕಾಯಿಗಳ ಗೊಂಚಲು, ಮೂರು ಬಿಳಿ ಮಚ್ಚೆಗಳಿರುವ ಮುಳ್ಳುಹಂದಿಯ ಮುಳ್ಳು, ದರ್ಭೆಯ ಮೂರು ಕಟ್ಟು ಹಿಡಿದು ಗಂಡ ಬೈತಲೆ ತೆಗೆಯುತ್ತಾನೆ. ಬಳಿಕ ವೀಣೆಯವರು ಹಾಡಬೇಕು. ಆ ಹಾಡಿನಲ್ಲಿ ದಂಪತಿ ಯಾವ ನದಿಯ ಬಳಿ ಇದ್ದಾರೋ ಅದರ ಹೆಸರು ಬರಬೇಕು. ನಮಗಾದರೆ ಅಡ್ಯಾರ್ ನದಿ! ಇಷ್ಟರಲ್ಲಿ ಎಲ್ಲಿಯೂ ಬಳೆಯ ಮಾತಿಲ್ಲ.

ಆದರೆ ಕೊನೆಯಲ್ಲಿ ಒಂದು ಮಾತಿದೆ: ಗಂಡ, ಮಕ್ಕಳು ಬದುಕಿರುವ ಹಿರಿಯ ಹೆಂಗಸರು ಏನೇನು ಹೇಳುತ್ತಾರೋ ಅದನ್ನೆಲ್ಲ ಮಾಡಬೇಕು. ಹೆಂಗಸರ ಶಾಸ್ತ್ರಗಳು ಒಳಗೆ ಬಂದದ್ದು ಈ ಬಾಗಿಲಿನಿಂದಲೇ ಎಂದು ನನಗೆ ತೋರುತ್ತದೆ.

ಆ ಶಾಸ್ತ್ರಗಳು ಊರಿಗೊಂದು ಬಗೆ. ಉತ್ತರ ಕರ್ನಾಟಕದ ಕುಬಸದಲ್ಲಿ ತವರಿನವರು ಹಸಿರು ಸೀರೆ, ಕುಬಸ, ಹಸಿರು ಬಳೆ ತಂದು, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರುಗಳಿಂದ ಉಡಿ ತುಂಬುತ್ತಾರೆ. ಇಲ್ಲಿಯ ವಳೈಕಾಪ್ಪು ಏಳು ಅಥವಾ ಒಂಬತ್ತನೇ ತಿಂಗಳಲ್ಲಿ. ಹಲವು ಮನೆಗಳಲ್ಲಿ ಮೊದಲು ಬೇವಿನೆಲೆಯ ಕಾಪು, ಆಮೇಲೆ ಗಾಜಿನ ಬಳೆ. ಊಟಕ್ಕೆ ಹುಳಿಯನ್ನ, ನಿಂಬೆಹಣ್ಣಿನ ಚಿತ್ರಾನ್ನ, ಕಾಯನ್ನ, ಸಕ್ಕರೆ ಪೊಂಗಲ್, ಮೊಸರನ್ನ. ನಮ್ಮವರ ಬಯಕೆ ಊಟದ ಹಾಗೆಯೇ ಬಸುರಿಯ ನಾಲಗೆಗೆ ಹಿಡಿಸುವ ಅಡಿಗೆ.

ಬಳೆ ಕೊಳ್ಳುವಾಗ ಒಂದು ಎಚ್ಚರ. ತುಂಬು ಬಸುರಿಯ ಕೈ ಊದಿಕೊಂಡಿರುತ್ತದೆ. ಎರಡು-ನಾಲ್ಕರ ಅಳತೆ ತೊಡುವವಳಿಗೆ ಎರಡು-ಆರು ತನ್ನಿ. ಬಿಗಿಯಾದ ಗಾಜು ತೊಡಿಸುವಾಗಲೇ ಒಡೆದು ಕೈ ಗೀರುತ್ತದೆ. ಕೈ, ಮುಖ ಇದ್ದಕ್ಕಿದ್ದಂತೆ ಊದಿ ತಲೆನೋವೂ ಇದ್ದರೆ ಬಳೆಯ ಮಾತು ಬಿಟ್ಟು ಅಂದೇ ಡಾಕ್ಟರಿಗೆ ತೋರಿಸಿ. ಅದು ರಕ್ತದೊತ್ತಡ ಏರಿರುವ ಲಕ್ಷಣವಿರಬಹುದು.

ಇನ್ನು ತೊಡಿಸುವವರ ವಿಷಯ. ರೂಢಿಯಲ್ಲಿ ಮುತ್ತೈದೆಯರಿಗೆ ಮಾತ್ರ ಕರೆ. ಮಗಳನ್ನು ಹೆತ್ತು ಸಾಕಿದ ತಾಯಿಯೂ ಗಂಡನಿಲ್ಲದಿದ್ದರೆ ಅಡಿಗೆಮನೆಯಲ್ಲೇ ಉಳಿಯುತ್ತಾಳೆ. ಇಲ್ಲಿಯ ಪರಿಚಿತರ ಮನೆಯೊಂದರಲ್ಲಿ ಬಸುರಿ ಹುಡುಗಿ, "ಅಮ್ಮ ತೊಡಿಸದೆ ನಾನು ಕೈ ನೀಡುವುದಿಲ್ಲ" ಎಂದಳು. ಕೆಲವರು ಗೊಣಗಿದರು. ಆಗ ಗಂಡನ ಅಜ್ಜಿ, ಎಂಬತ್ತು ದಾಟಿದ ಮುತ್ತೈದೆ, "ಹೆತ್ತವಳ ಕೈಗಿಂತ ಮಂಗಳ ಯಾವುದಿದೆ? ಬಾಮ್ಮ, ನೀನೇ ಮೊದಲು ತೊಡಿಸು" ಎಂದು ಬೀಗಿತ್ತಿಯನ್ನು ಕರೆದರು. ಬೇವಿನ ಕಾಪು ಆಕೆಯ ಕೈಯಿಂದಲೇ ಆಯಿತು.

ಸೂತ್ರ ಗಂಡನಿರುವುದನ್ನು ಕೇಳುವುದು ಹೇಳಿಕೊಡುವ ಹಿರಿಯಳಿಗೆ. ಬಳೆ ತೊಡಿಸುವವಳ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ನಿಯಮ ಹೆಂಗಸರೇ ಮಾಡಿಕೊಂಡದ್ದು. ಅದನ್ನು ಬದಲಿಸುವ ಅಧಿಕಾರವೂ ಮನೆಯ ಹಿರಿಯ ಹೆಂಗಸರದ್ದೇ ಎಂಬುದನ್ನು ಆ ಅಜ್ಜಿ ಸೂತ್ರ ಓದದೆಯೇ ಅರಿತಿದ್ದರು.